ಪದಚರ್ಚೆ: ‘ಸದಿಶ ಗುಣಲಬ್ಧ’ ಎಂಬ ಸಮಾಸದ ವಿಗ್ರಹ ಯಾವುದು?

ಮಾನ್ಯರೇ,

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪ್ಲಸ್ ವನ್‌ನಲ್ಲಿ ವಿಜ್ಞಾನ ತೆಗೆದುಕೊಂಡ ಮಕ್ಕಳಿಗೆ ನಾನು ಬದಿಯಡ್ಕದ ಬಳಿ ಸಂಜೆ ಹೊತ್ತು ಭೌತಶಾಸ್ತ್ರ ಹೇಳಿಕೊಡುತ್ತೇನೆ. ಅವರ ಪುಸ್ತಕ ಇಂಗ್ಲಿಷಿನದು, ಶಾಲೆಯಲ್ಲಿ ವಿವರಣೆ ಹೆಚ್ಚಾಗಿ ಮಲಯಾಳದಲ್ಲಿ, ನನ್ನಲ್ಲಿ ಸಂದೇಹ ಕೇಳುವುದು ಕನ್ನಡದಲ್ಲಿ. ಸದಿಶ, ಅದಿಶ ಎಂಬ ಮಾತುಗಳು ಮಲಯಾಳದಲ್ಲಿಯೂ ಇವೆಯಾದುದರಿಂದ ಆ ಎರಡು ಪದಗಳು ಅವರಿಗೆ ತೊಡಕಾಗುವುದಿಲ್ಲ. ತೊಡಕು ಇರುವುದು ಅವುಗಳ ಮುಂದೆ ‘ಗುಣಲಬ್ಧ’ ಸೇರಿದಾಗ.

ಕಳೆದ ವಾರ ಈ ಲೆಕ್ಕವನ್ನು ಕೊಟ್ಟಿದ್ದೆ: ಮೂಲಬಿಂದುವಿನಿಂದ ನೋಡಿದಾಗ ಸ್ಥಾನ ಸದಿಶವು r = 2i − j + 3k ಮೀಟರ್ ಆಗಿರುವ ಒಂದು ಬಿಂದುವಿನಲ್ಲಿ F = 3i + 2j − k ನ್ಯೂಟನ್ ಬಲ ಪ್ರಯೋಗವಾಗಿದೆ; ಮೂಲಬಿಂದುವಿನ ಸುತ್ತ ಟಾರ್ಕ್ ಎಷ್ಟು? ಚೆನ್ನಾಗಿ ಓದುವ ಒಬ್ಬ ಹುಡುಗಿ 6 − 2 − 3 = 1 ನ್ಯೂಟನ್ ಮೀಟರ್ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಳು. ಕೂಡಿಸುವುದರಲ್ಲಿಯೂ ಕಳೆಯುವುದರಲ್ಲಿಯೂ ಒಂದು ತಪ್ಪಿಲ್ಲ. ಆದರೆ ಟಾರ್ಕ್ ಒಂದು ಸದಿಶ, ಅವಳ ಉತ್ತರದಲ್ಲಿ ದಿಕ್ಕೇ ಇಲ್ಲ. ಸದಿಶ ಗುಣಲಬ್ಧವನ್ನು ಯಾಕೆ ಮಾಡಲಿಲ್ಲ ಎಂದು ಕೇಳಿದ್ದಕ್ಕೆ, “ಅದನ್ನೇ ಮಾಡಿದ್ದಲ್ಲವಾ ಟೀಚರ್, ಎರಡೂ ಸದಿಶಗಳೇ, ಎರಡನ್ನೂ ಗುಣಿಸಿದ್ದೇನೆ” ಎಂದಳು. ಹಾಗಾದರೆ ಅದಿಶ ಗುಣಲಬ್ಧವೆಂದರೆ ಏನೆಂದು ಕೇಳಿದೆ. “ಸದಿಶವನ್ನು ಒಂದು ಬರೀ ಸಂಖ್ಯೆಯಿಂದ ಗುಣಿಸುವುದು, ಎರಡು ಪಾಲು, ಮೂರು ಪಾಲು ಮಾಡುವ ಹಾಗೆ” ಎಂದಳು.

ಅವಳ ಲೆಕ್ಕ ತಪ್ಪಿದ್ದು ಭೌತಶಾಸ್ತ್ರದಲ್ಲಿ ಅಲ್ಲ, ಸಮಾಸವನ್ನು ಬಿಡಿಸಿದ್ದರಲ್ಲಿ ಎಂದು ನನಗೆ ಆಗ ಹೊಳೆಯಿತು. ‘ಸದಿಶಗಳ ಗುಣಲಬ್ಧ’ ಎಂದು ಆಕೆ ಬಿಡಿಸಿದ್ದಾಳೆ. ಪದವನ್ನು ಕಟ್ಟಿದವರ ಮನಸ್ಸಿನಲ್ಲಿದ್ದುದು ‘ಸದಿಶವಾದ ಗುಣಲಬ್ಧ’. ಕನ್ನಡದಲ್ಲಿ ಎರಡಕ್ಕೂ ಬರಹ ಒಂದೇ. ನನ್ನ ಪ್ರಶ್ನೆ ಇಷ್ಟು: ಈ ಎರಡು ಅರ್ಥಗಳನ್ನು ಕಿವಿಗೆ ಬಿದ್ದ ಕೂಡಲೇ ಬೇರ್ಪಡಿಸುವಂಥ ಮಾತು ನಮ್ಮಲ್ಲಿ ಬಳಕೆಯಲ್ಲಿದೆಯೇ? ಇಲ್ಲವಾದರೆ ಯಾವುದನ್ನು ಬಳಸುವುದು ಸರಿ?

— ಬದಿಯಡ್ಕ

ಕುಂಬಳೆಯಿಂದ, ನಿವೃತ್ತ ಕನ್ನಡ ಅಧ್ಯಾಪಕರು:

ನಿಮ್ಮ ವಿದ್ಯಾರ್ಥಿನಿ ವ್ಯಾಕರಣದಲ್ಲಿ ತಪ್ಪು ಮಾಡಿಲ್ಲ. ‘ರಾಜಪುತ್ರ’ ಎಂಬುದನ್ನು ರಾಜನ ಪುತ್ರ ಎಂದು ಷಷ್ಠೀ ತತ್ಪುರುಷವಾಗಿ ಬಿಡಿಸುತ್ತೇವೆ. ‘ನೀಲಕಮಲ’ ಎಂಬುದನ್ನು ನೀಲವಾದ ಕಮಲ ಎಂದು ಕರ್ಮಧಾರಯವಾಗಿ ಬಿಡಿಸುತ್ತೇವೆ. ಯಾವುದಕ್ಕೆ ಯಾವ ವಿಗ್ರಹವೆಂಬುದು ಪದದ ರೂಪದಿಂದ ತಿಳಿಯುವುದಿಲ್ಲ, ವಸ್ತುವಿನ ಪರಿಚಯದಿಂದ ತಿಳಿಯುತ್ತದೆ. ‘ಸದಿಶ’ ಎಂಬುದು ನಾಮಪದವಾಗಿಯೂ ವಿಶೇಷಣವಾಗಿಯೂ ನಡೆಯುವುದರಿಂದ ಇಲ್ಲಿ ಎರಡು ಬಾಗಿಲುಗಳೂ ತೆರೆದಿವೆ. ಪರಿಚಯವಿಲ್ಲದ ಮಗು ಹೆಚ್ಚು ಬಳಕೆಯ ಬಾಗಿಲಿನಿಂದ, ಅಂದರೆ ಷಷ್ಠಿಯಿಂದ, ಒಳಗೆ ಹೋಗುತ್ತದೆ.

ನನ್ನ ಸಲಹೆ: ಸಮಾಸವನ್ನೇ ಬಿಡಿ. ‘ಸದಿಶವನ್ನು ಕೊಡುವ ಗುಣಾಕಾರ’, ‘ಅದಿಶವನ್ನು ಕೊಡುವ ಗುಣಾಕಾರ’ ಎಂದು ಬಿಡಿಸಿಯೇ ಹೇಳಿ. ಉದ್ದವಾದರೂ ಅಲ್ಲಿ ಸಂದೇಹಕ್ಕೆ ಎಡೆಯಿಲ್ಲ.

ಮಂಜೇಶ್ವರದಿಂದ, ಎಂಜಿನಿಯರಿಂಗ್ ಎರಡನೆಯ ವರ್ಷದ ವಿದ್ಯಾರ್ಥಿ:

ಪದಗಳಿಗಾಗಿ ಇಷ್ಟು ಕಷ್ಟಪಡಬೇಕಾಗಿಲ್ಲ ಎಂದು ನನಗೆ ತೋರುತ್ತದೆ. ಪ್ರಶ್ನೆ ಕೇಳುತ್ತಿರುವುದು ಸದಿಶವನ್ನೋ ಅದಿಶವನ್ನೋ ಎಂದು ಮೊದಲೇ ನೋಡಿಕೊಂಡರೆ, ಸದಿಶಕ್ಕೆ ಕ್ರಾಸ್, ಅದಿಶಕ್ಕೆ ಡಾಟ್ ಎಂದು ತಾನಾಗಿ ಗೊತ್ತಾಗುತ್ತದೆ. ಅನುಮಾನ ಬಂದರೆ ಕೊನೆಯಲ್ಲಿ ಮಾನವನ್ನು ಪರೀಕ್ಷಿಸಬೇಕು, ಮಾನ ತಪ್ಪಿದರೆ ಗುಣಾಕಾರವೂ ತಪ್ಪು. ಉತ್ತರದಲ್ಲಿ i, j, k ಬಿಟ್ಟುಹೋಗದಂತೆ ಎಚ್ಚರಿಸಿದರೆ ಸಾಕು.

ಉಪ್ಪಳದಿಂದ, ವರ್ಕ್‌ಶಾಪ್ ನಡೆಸುವವರು:

ನಾನು ಹೆಚ್ಚು ಓದಿದವನಲ್ಲ, ಆದರೆ ಟಾರ್ಕ್ ಎಂಬ ಮಾತು ದಿನಾಲೂ ನನ್ನ ಬಾಯಲ್ಲಿ ಇರುತ್ತದೆ. ಎಂಜಿನಿನ ಹೆಡ್ ಬೋಲ್ಟ್ ಬಿಗಿಯುವಾಗ ಟಾರ್ಕ್ ರೆಂಚಿನಲ್ಲಿ 80 ನ್ಯೂಟನ್ ಮೀಟರ್ ಎಂದು ಇಟ್ಟರೆ ಅಷ್ಟಕ್ಕೆ ಕ್ಲಿಕ್ ಆಗುತ್ತದೆ. ರೆಂಚ್ ತೋರಿಸುವುದು ಒಂದೇ ಸಂಖ್ಯೆ. ಅದರಲ್ಲಿ i, j, k ಯಾವುದೂ ಇಲ್ಲ. ಹಾಗಿರುವಾಗ ಆ ಹುಡುಗಿ ಒಂದು ಸಂಖ್ಯೆ ಬರೆದದ್ದರಲ್ಲಿ ತಪ್ಪೇನು? ಟಾರ್ಕ್ ಸಂಖ್ಯೆಯೇ ಅಲ್ಲವೇ?

ನೀರ್ಚಾಲಿನಿಂದ, ಗಣಿತ ಕಲಿಸಿ ನಿವೃತ್ತರಾದವರು:

ಮೂವರಿಗೂ ಸೇರಿಸಿ ಉತ್ತರಿಸುತ್ತೇನೆ. ಮೊದಲು ಮಂಜೇಶ್ವರದ ತಮ್ಮನಿಗೆ. ಬೇಕಾಗಿರುವುದು ಸದಿಶವೋ ಅದಿಶವೋ ಎಂದು ಮೊದಲು ಕೇಳಿಕೊಳ್ಳಬೇಕೆಂಬ ನಿಮ್ಮ ಮಾತು ಸರಿ. ಆದರೆ ಮಾನದಿಂದ ಪರೀಕ್ಷಿಸುವ ಉಪಾಯ ಇಲ್ಲಿಯೇ ಕೈಕೊಡುತ್ತದೆ. ಕೆಲಸವೆಂದರೆ ಬಲ ಮತ್ತು ಸ್ಥಾನಾಂತರಗಳ ಡಾಟ್; ಟಾರ್ಕ್ ಎಂದರೆ ಸ್ಥಾನ ಸದಿಶ ಮತ್ತು ಬಲಗಳ ಕ್ರಾಸ್. ಎರಡರಲ್ಲಿಯೂ ಒಂದು ಕಡೆ ನ್ಯೂಟನ್, ಇನ್ನೊಂದು ಕಡೆ ಮೀಟರ್. ಕೆಲಸಕ್ಕೆ ಜೌಲ್ ಎನ್ನುತ್ತೇವೆ, ಟಾರ್ಕಿಗೆ ಜೌಲ್ ಎನ್ನದೆ ನ್ಯೂಟನ್ ಮೀಟರ್ ಎಂದೇ ಉಳಿಸಿಕೊಳ್ಳುತ್ತೇವೆ. ಅದು ಬರವಣಿಗೆಯ ಶಿಸ್ತು, ತಪ್ಪನ್ನು ಹಿಡಿದುಕೊಡುವ ಬಲೆಯಲ್ಲ. ಪ್ಲಸ್ ವನ್ ಪುಸ್ತಕದಲ್ಲಿ ಡಾಟ್ ಬರುವುದು ಕೆಲಸ ಮತ್ತು ಶಕ್ತಿಯ ಅಧ್ಯಾಯದಲ್ಲಿ, ಕ್ರಾಸ್ ಬರುವುದು ಅದರ ಬಳಿಕ ಭ್ರಮಣ ಚಲನೆಯ ಅಧ್ಯಾಯದಲ್ಲಿ. ಬಲ ಮತ್ತು ಮೀಟರ್ ಸೇರಿದರೆ ಡಾಟ್ ಎಂದು ಆ ಹೊತ್ತಿಗಾಗಲೇ ಕೈಗೆ ಅಭ್ಯಾಸವಾಗಿರುತ್ತದೆ.

i, j, k ಬಿಡಬೇಡಿ ಎಂದಷ್ಟೇ ಹೇಳುವುದರಲ್ಲಿ ಇನ್ನೊಂದು ಅಪಾಯವಿದೆ. ಹಾಗೆ ಹೇಳಿಸಿಕೊಂಡ ಮಗು 6i − 2j − 3k ಎಂದು ಬರೆಯುತ್ತದೆ; ಆಯಾ ಘಟಕಗಳನ್ನು ಆಯಾ ಘಟಕಗಳಿಂದ ಗುಣಿಸಿ ಅಕ್ಷರಗಳನ್ನು ಅಂಟಿಸುತ್ತದೆ. ನೋಡಲು ಸದಿಶ, ಆದರೆ ಟಾರ್ಕ್ ಅಲ್ಲ. ನಿಜವಾದ ಲೆಕ್ಕ ಹೀಗೆ:

```
i : (−1)(−1) − (3)(2)  = −5
j : (3)(3) − (2)(−1)   = 11
k : (2)(2) − (−1)(3)   = 7
r × F = −5i + 11j + 7k
```

ಇದನ್ನು ಪರೀಕ್ಷಿಸುವ ದಾರಿ ಬಹಳ ಚೆಂದವಾಗಿದೆ. ಕ್ರಾಸಿನಿಂದ ಬಂದ ಸದಿಶವು ಮೂಲದ ಎರಡಕ್ಕೂ ಲಂಬವಾಗಿರಬೇಕು, ಆದ್ದರಿಂದ ಅದರೊಂದಿಗೆ ಎರಡರ ಡಾಟ್ ಕೂಡ ಸೊನ್ನೆಯಾಗಬೇಕು. r ಜೊತೆಗೆ −10 − 11 + 21, ಸೊನ್ನೆ. F ಜೊತೆಗೆ −15 + 22 − 7, ಸೊನ್ನೆ. ಅಂಟಿಸಿದ ಉತ್ತರವನ್ನು r ಜೊತೆ ಹೀಗೆಯೇ ನೋಡಿದರೆ 12 + 2 − 9, ಅಂದರೆ 5 ಬರುತ್ತದೆ, ಅಲ್ಲಿಯೇ ಸಿಕ್ಕಿಬೀಳುತ್ತದೆ. F × r ಎಂದು ಹಿಂದುಮುಂದಾಗಿ ಮಾಡಿದವರನ್ನು ಮಾತ್ರ ಈ ಪರೀಕ್ಷೆ ಹಿಡಿಯುವುದಿಲ್ಲ, ಏಕೆಂದರೆ ಚಿಹ್ನೆ ತಿರುಗಿದರೂ ಲಂಬ ಲಂಬವೇ. ಅದಕ್ಕೆ ಬಲಗೈ ನಿಯಮವೇ ಗತಿ.

ಇನ್ನು ಉಪ್ಪಳದವರ ಪ್ರಶ್ನೆ, ಅದನ್ನು ತಳ್ಳಿಹಾಕಬಾರದು. ಬೋಲ್ಟಿನ ಅಕ್ಷ ಮೊದಲೇ ನಿಶ್ಚಯವಾಗಿರುವುದರಿಂದ ದಿಕ್ಕನ್ನು ಬೇರೆಯಾಗಿ ಹೇಳುವ ಅಗತ್ಯ ನಿಮಗೆ ಬೀಳುವುದಿಲ್ಲ. ರೆಂಚ್ ತೋರಿಸುವುದು ಆ ಅಕ್ಷದ ಉದ್ದಕ್ಕೆ ಟಾರ್ಕಿನ ಪಾಲು ಎಷ್ಟೆಂದು. ಆದರೆ ಅದು r ಮತ್ತು F ಗಳ ಡಾಟ್ ಅಲ್ಲ. ನೀವು ಹಿಡಿಕೆಯನ್ನು ಅದರ ಉದ್ದಕ್ಕೆ ಲಂಬವಾಗಿ ಎಳೆಯುತ್ತೀರಿ, ಆಗ ಬೋಲ್ಟ್ ಅತಿ ಹೆಚ್ಚು ತಿರುಗುತ್ತದೆ. ಅದೇ ಹೊತ್ತಿಗೆ ಡಾಟ್ ಸೊನ್ನೆ. ಹಿಡಿಕೆಯನ್ನು ಅದರ ಉದ್ದಕ್ಕೇ ಎಳೆದರೆ ಡಾಟ್ ಅತಿ ದೊಡ್ಡದು, ಬೋಲ್ಟ್ ಮಾತ್ರ ಕದಲುವುದಿಲ್ಲ. ಡಾಟ್ ಟಾರ್ಕನ್ನು ಅಳೆಯುವುದಿಲ್ಲವೆಂಬುದಕ್ಕೆ ನಿಮ್ಮ ರೆಂಚಿಗಿಂತ ಒಳ್ಳೆಯ ಸಾಕ್ಷಿ ಬೇಡ.

ಆ ಹುಡುಗಿಯ ಲೆಕ್ಕದಲ್ಲಿ ಆಗಿರುವುದೂ ಇದೇ. r ಮತ್ತು F ಎರಡರ ಪರಿಮಾಣವೂ 14ರ ವರ್ಗಮೂಲ, ಡಾಟ್ 1. ಆದುದರಿಂದ ನಡುವಿನ ಕೋನದ ಕೊಸೈನ್ 1/14, ಕೋನ ಸುಮಾರು 86 ಡಿಗ್ರಿ. ಬಲ ಹೆಚ್ಚುಕಡಿಮೆ ಲಂಬವಾಗಿದೆ, ಟಾರ್ಕಿನ ಪರಿಮಾಣ 195ರ ವರ್ಗಮೂಲ, ಸುಮಾರು 13.96. ಸರಿಯುತ್ತರ 14ರ ಹತ್ತಿರವಿದ್ದರೆ ಅವಳ ಉತ್ತರ 1. ನೀವು ಒಳ್ಳೆಯ ಲೆಕ್ಕವನ್ನೇ ಆರಿಸಿದ್ದೀರಿ. ಕೋನ 45 ಡಿಗ್ರಿ ಇರುವ ಲೆಕ್ಕಗಳಲ್ಲಿ ಸೈನ್ ಮತ್ತು ಕೊಸೈನ್ ಒಂದೇ ಆಗುವುದರಿಂದ, ಪರಿಮಾಣವನ್ನು ಮಾತ್ರ ಕೇಳಿದಾಗ ಡಾಟ್ ಮಾಡಿದ ಮಗುವಿಗೂ ಪೂರ್ತಿ ಅಂಕ ಸಿಗುತ್ತದೆ, ತಪ್ಪು ಬಯಲಾಗುವುದಿಲ್ಲ.

ಪದದ ವಿಚಾರಕ್ಕೆ ಬಂದರೆ, ಗೊಂದಲದ ಬೇರು ಹಳೆಯದು. ಹ್ಯಾಮಿಲ್ಟನ್ 1843ರಲ್ಲಿ ಕಂಡುಕೊಂಡ ಕ್ವಾಟರ್ನಿಯನ್‌ಗಳಲ್ಲಿ ಎರಡು ಸದಿಶಗಳಿಗೆ ಗುಣಲಬ್ಧ ಒಂದೇ. ಅದರ ಅದಿಶ ಭಾಗದಲ್ಲಿ ಇಂದಿನ ಡಾಟ್ ಋಣಚಿಹ್ನೆಯೊಂದಿಗೆ ಇತ್ತು, ಸದಿಶ ಭಾಗವೇ ಇಂದಿನ ಕ್ರಾಸ್. ಗಿಬ್ಸ್ 1880ರ ದಶಕದಲ್ಲಿ ಈ ಎರಡನ್ನೂ ಬೇರೆ ಬೇರೆ ಗುಣಲಬ್ಧಗಳನ್ನಾಗಿ ಮಾಡಿದರು. ಅವರು ಇಟ್ಟ ಹೆಸರುಗಳನ್ನು ಕನ್ನಡಿಸಿದರೆ ‘ನೇರ ಗುಣಲಬ್ಧ’, ‘ಓರೆ ಗುಣಲಬ್ಧ’ ಎಂದಾಗುತ್ತದೆ. ಈ ಹೆಸರುಗಳಲ್ಲಿ ಸದಿಶ, ಅದಿಶ ಎಂಬ ಮಾತೇ ಇಲ್ಲದಿರುವುದರಿಂದ ವಿಗ್ರಹದ ಜಗಳವೂ ಇಲ್ಲ. ನನಗೆ ಇವು ಇಷ್ಟ.

ಕುಂಬಳೆಯಿಂದ ಮತ್ತೆ:

‘ಓರೆ’ ಒಳ್ಳೆಯ ಅಚ್ಚಗನ್ನಡ ಪದವೇ. ಆದರೆ ಭಿನ್ನರಾಶಿಗಳಲ್ಲಿ ಓರೆ ಗುಣಾಕಾರ, ಅಡ್ಡ ಗುಣಾಕಾರ ಎಂದು ಮಕ್ಕಳು ಆಗಲೇ ಕಲಿತಿರುತ್ತಾರೆ. ಒಂದು ಗೊಂದಲವನ್ನು ಬಿಡಿಸಲು ಹೋಗಿ ಇನ್ನೊಂದನ್ನು ತಂದಂತೆ ಆಗದೇ?

ಬದಿಯಡ್ಕದಿಂದ:

ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ಕುಂಬಳೆಯ ಮಾಷ್ಟ್ರ ಆಕ್ಷೇಪ ನಿಜವೆಂದು ನಿನ್ನೆಯೇ ಗೊತ್ತಾಯಿತು. ‘ಓರೆ ಗುಣಲಬ್ಧ’ ಎಂದು ನಾನು ಹೇಳಿದ ಕೂಡಲೇ ಒಬ್ಬ ಹುಡುಗ ಎರಡು ಭಿನ್ನರಾಶಿಗಳನ್ನು ಬರೆದು ನಡುವೆ ಕತ್ತರಿಯಂತೆ ಗೆರೆ ಎಳೆದ. ಡಾಟ್, ಕ್ರಾಸ್ ಎಂದೇ ಉಳಿಸೋಣವೆಂದರೆ ಅಲ್ಲಿಯೂ ಒಂದು ತೊಡಕು ಇದೆ: ಬೀಜಗಣಿತದಲ್ಲಿ a × b ಮತ್ತು a · b ಎರಡೂ ಒಂದೇ ಎಂದು ನಾವೇ ಕಲಿಸಿದ್ದೇವೆ, ಆ ಚಿಹ್ನೆಗಳು ಸದಿಶಗಳ ನಡುವೆ ಬಂದಾಗ ಬೇರೆಯಾಗುತ್ತವೆಂದು ಮಕ್ಕಳು ತಾವಾಗಿ ಊಹಿಸಲಾರರು.

ಸದ್ಯಕ್ಕೆ ನಾನು ಬಾಯಿಮಾತಿನಲ್ಲಿ ಡಾಟ್, ಕ್ರಾಸ್ ಎಂದು ಹೇಳಿ, ಬರೆಸುವಾಗ ‘ಸದಿಶವಾದ ಗುಣಲಬ್ಧ’, ‘ಅದಿಶವಾದ ಗುಣಲಬ್ಧ’ ಎಂದು ‘ಆದ’ ಸೇರಿಸಿ ಬರೆಸುತ್ತಿದ್ದೇನೆ. ಆ ಹುಡುಗಿ ಲೆಕ್ಕವನ್ನು ಮತ್ತೆ ಮಾಡಿ −5i + 11j + 7k ತಂದಳು, ಎರಡು ಸೊನ್ನೆಗಳನ್ನೂ ತೋರಿಸಿದಳು. ಆಮೇಲೆ, ಸ್ಥಾನ ಸದಿಶವನ್ನು ಬಲದೊಂದಿಗೆ ಡಾಟ್ ಮಾಡಿ ಬಂದ ಆ 1 ಕೋನವನ್ನು ತಿಳಿಸುತ್ತದೆಯೆಂಬುದು ಸರಿ, ಕೆಲಸಕ್ಕೆ ಜೌಲ್ ಇರುವ ಹಾಗೆ ಅದಕ್ಕೂ ಒಂದು ಹೆಸರು ಇದೆಯೇ ಎಂದು ಕೇಳಿದಳು. ಸ್ಥಾನಾಂತರವಲ್ಲದ್ದರಿಂದ ಅದು ಕೆಲಸವಲ್ಲ ಎಂದು ಮಾತ್ರ ಹೇಳಿದೆ. ಅದಕ್ಕೆ ಹೆಸರಿದ್ದರೆ ನೀರ್ಚಾಲಿನವರು ದಯವಿಟ್ಟು ತಿಳಿಸಬೇಕು.