ಪದಚರ್ಚೆ: ರಾಜೀನಾಮೆಯ ಒಕ್ಕಣೆ ಹೇಗಿರಬೇಕು? ಸೋಮವಾರದೊಳಗೆ ಬೇಕು

ಮಲೆನಾಡ ಓದುಗಿ:

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಪತ್ತಿನ ಸಹಕಾರ ಸಂಘದಲ್ಲಿ 11 ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ನಮ್ಮ ಯಜಮಾನರಿಗೆ ಮಂಗಳೂರಿಗೆ ವರ್ಗವಾಗಿದೆ, ಹಾಗಾಗಿ ಕೆಲಸ ಬಿಡಬೇಕು. ಸೋಮವಾರ ಆಡಳಿತ ಮಂಡಳಿಯ ಸಭೆ ಇದೆ. ಸಂಘದ ಕಾಗದವೆಲ್ಲ ಕನ್ನಡದಲ್ಲೇ ನಡೆಯುತ್ತದೆ. ನಾನು ಬರೆದದ್ದು ಇಷ್ಟು:

"ಮಾನ್ಯ ಅಧ್ಯಕ್ಷರು ರವರಿಗೆ,
ಮಾನ್ಯರೇ,
ವಿಷಯ: ರಾಜೀನಾಮೆ ಪತ್ರ ಸಲ್ಲಿಸುವ ಬಗ್ಗೆ.
ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ, ನಾನು ನಿಮ್ಮ ಸಂಘದಲ್ಲಿ 11 ವರ್ಷಗಳಿಂದ ಸೇವೆ ಸಲ್ಲಿಸುತ್ತಿದ್ದು, ಕೌಟುಂಬಿಕ ಕಾರಣದಿಂದ ಇದೇ 31ರಿಂದ ನಿವೃತ್ತಿ ಹೊಂದಲು ಇಚ್ಛಿಸುತ್ತೇನೆ. ದಯಮಾಡಿ ಒಪ್ಪಿಗೆ ನೀಡಬೇಕಾಗಿ ಪ್ರಾರ್ಥನೆ.
ಇಂತಿ ತಮ್ಮ ವಿಧೇಯ"

ಕೊನೆಯ "ವಿಧೇಯ" ಬರೆಯಲು ಕೈ ಬರುತ್ತಿಲ್ಲ. ಅದಿಲ್ಲದೆ ಮರ್ಯಾದೆ ಕಡಿಮೆಯಾಗುತ್ತದಾ? ಉಳಿದದ್ದನ್ನೂ ದಯವಿಟ್ಟು ತಿದ್ದಿ.

ಧಾರವಾಡದ ಮೇಷ್ಟ್ರು:

ಮೊದಲು "ರಾಜೀನಾಮೆ ಪತ್ರ" ತೆಗೆಯಿರಿ. ಫಾರಸಿಯಲ್ಲಿ ನಾಮಾ ಎಂದರೇ ಪತ್ರ. ಪಂಚನಾಮೆ ಪತ್ರ ಅಂತ ಯಾರಾದರೂ ಬರೀತಾರೇನು? ರಾಜಿ ಎಂದರೆ ಒಪ್ಪಿದವನು. ನಿಮಗೆ ಕಚೇರಿಯಲ್ಲಿ ಸಿಗುವ ರಜಾ ಕೂಡ ಅದೇ ಅರಬ್ಬಿ ಬೇರಿನದು, ಅಪ್ಪಣೆ ಎಂಬ ಅರ್ಥದ್ದು. ಮುಂಬೈ ಕರ್ನಾಟಕದ ಹಳೆಯ ಕಂದಾಯ ಕಾಗದ ನೋಡಿ. ಹೊಲ ಬಿಟ್ಟುಕೊಡುವವನು ರಾಜೀನಾಮೆ ಬರೆಯುತ್ತಿದ್ದ, ಹಿಡಿಯುವವನು ಕಬೂಲಾಯತಿ ಬರೆಯುತ್ತಿದ್ದ. ಒಪ್ಪಿ ಬಿಟ್ಟುಕೊಡುವ ಆ ಅರ್ಥವೇ ನೌಕರಿಗೂ ಬಂತು. ಕೋರ್ಟಿನಲ್ಲಿ ಮಾತ್ರ ಅದು ರಾಜಿಯಾದ ಕಾಗದ.

ಬೇರುಗನ್ನಡ:

ಅರಬ್ಬಿ, ಪಾರಸಿ ಬೇರು ಕಟ್ಟಿಕೊಂಡು ಏನಾಗಬೇಕು? "ಕೆಲಸ ಬಿಡುವ ಓಲೆ" ಎಂದರೆ ಊರಿಗೆಲ್ಲ ತಿಳಿಯುತ್ತದೆ. ಒಳಗೂ "ನಾನು ಕೆಲಸ ಬಿಡುತ್ತಿದ್ದೇನೆ" ಎಂದು ನೇರವಾಗಿ ಬರೆಯಿರಿ. ಆ ಉದ್ದನೆಯ "ಕೇಳಿಕೊಳ್ಳುವುದೇನೆಂದರೆ" ಬೇಡ.

ಬೆಂಗಳೂರಿನ ಟೆಕ್ಕಿ:

ನಾನು ಹೋದ ವರ್ಷ ಕೆಲಸ ಬಿಟ್ಟಾಗ ಎರಡೇ ಸಾಲಿನ ಮೇಲ್ ಹಾಕಿದ್ದೆ, ಅದೂ ಇಂಗ್ಲಿಷಿನಲ್ಲಿ. 60 ದಿನದ ನೋಟಿಸ್ ಪೀರಿಯಡ್ ಇತ್ತು. ನಿಮಗೆ ಎಷ್ಟು ದಿನ, ಮೇಡಂ? ಅದನ್ನೇ ಕೇಳುತ್ತಿದ್ದೀರಿ ಅಂದುಕೊಂಡೆ. ಮತ್ತೆ ಅದಕ್ಕೆ ಕನ್ನಡದಲ್ಲಿ "ಸೂಚನಾ ಅವಧಿ" ಅಂತಾರಾ?

ಮಲೆನಾಡ ಓದುಗಿ:

ನಮ್ಮಲ್ಲಿ ಒಂದು ತಿಂಗಳು. ಅದು ನಿಯಮದಲ್ಲೇ ಇದೆ ಸರ್, ನಾನು ಕೇಳಿದ್ದು ಒಕ್ಕಣೆಯ ಬಗ್ಗೆ.

ತುಮಕೂರಿನ ಗೆಳೆಯ:

ನಿವೃತ್ತಿ ಅನ್ನುವುದನ್ನು ಹಾಗೇ ಇಡಿ, ಅದರಲ್ಲಿ ಗೌರವ ಜಾಸ್ತಿ. ರಾಜೀನಾಮೆ ಎಂದರೆ ಜಗಳವಾಡಿ ಹೊರಟ ಹಾಗೆ ಕೇಳುತ್ತದೆ. "ಸ್ವಯಂ ನಿವೃತ್ತಿ" ಎಂದರೆ ಇನ್ನೂ ಒಳ್ಳೆಯದು.

ನಿವೃತ್ತ ಶಿರಸ್ತೇದಾರ:

ದಯವಿಟ್ಟು ಹಾಗೆ ಮಾಡಬೇಡಿ. ಈ ಕರಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವ ಪದ ಅದೇ. ನಿವೃತ್ತಿಗೆ ವಯಸ್ಸೋ, ಇಷ್ಟು ವರ್ಷದ ಸೇವೆಯೋ ಆಗಿರಬೇಕು, ಅದಕ್ಕೆ ನಿಯಮವೂ ಇರಬೇಕು. ರಾಜೀನಾಮೆಗೆ ಅದು ಬೇಡ. ಗೌರವ ಜಾಸ್ತಿ ಎಂದು ನಿವೃತ್ತಿ ಬರೆದರೆ, ಮಂಡಳಿ "ಇವರಿಗೆ ಇನ್ನೂ ವಯಸ್ಸಾಗಿಲ್ಲ" ಎಂದು ಕಾಗದ ವಾಪಸ್ ಕಳಿಸಬಹುದು. ಪಿಂಚಣಿ ಇರುವ ಕಡೆ ಇದು ಇನ್ನೂ ದೊಡ್ಡ ವಿಷಯ. ದೆಹಲಿಯ ವಿದ್ಯುತ್ ಸಂಸ್ಥೆಯ ನೌಕರರೊಬ್ಬರು 1990ರಲ್ಲಿ ರಾಜೀನಾಮೆ ಕೊಟ್ಟಿದ್ದರು. ಅದನ್ನು ಸ್ವಯಂ ನಿವೃತ್ತಿ ಎಂದು ಓದಿ ಪಿಂಚಣಿ ಕೊಡಿ ಎಂದು ಕೇಳಿದರು. 2019ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಎರಡೂ ಬೇರೆ, ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆ ಪಿಂಚಣಿಗೆ ಲೆಕ್ಕಕ್ಕೆ ಬರುವುದಿಲ್ಲ ಎಂದಿತು. ನಿಮ್ಮ ಸಂಘದಲ್ಲಿ ಪಿಂಚಣಿ ಇರಲಿಕ್ಕಿಲ್ಲ. ಗ್ರಾಚ್ಯುಟಿಯ ಕಾನೂನು ನಿಮ್ಮ ಸಂಘಕ್ಕೆ ಅನ್ವಯಿಸುವುದಾದರೆ, ಐದು ವರ್ಷ ದಾಟಿದವರಿಗೆ ರಾಜೀನಾಮೆ ಕೊಟ್ಟರೂ ಅದು ಸಿಗುತ್ತದೆ. ಹಾಗಾಗಿ ರಾಜೀನಾಮೆ ಎಂದೇ ಬರೆಯಿರಿ.

ಎರಡನೆಯದು "31ರಿಂದ". ಆ ದಿನ ನೀವು ಕೆಲಸದಲ್ಲಿದ್ದೀರಾ, ಇಲ್ಲವಾ? ಒಂದು ದಿನದ ಸಂಬಳಕ್ಕೆ ಪತ್ರ ಹಿಡಿದು ಅಲೆದವರನ್ನು ಕಂಡಿದ್ದೇನೆ. "31ರ ಕಚೇರಿ ವೇಳೆ ಮುಗಿದ ನಂತರ" ಎಂದು ಬರೆಯಿರಿ. ಸರ್ಕಾರಿ ಕಾಗದದಲ್ಲಿ "ಅಪರಾಹ್ನ" ಎನ್ನುವುದು ಇದಕ್ಕೇ. "ಇಚ್ಛಿಸುತ್ತೇನೆ" ಕೂಡ ಬೇಡ. ಬಯಕೆ ಹೇಳಿದರೆ ಕೊಟ್ಟಂತಾಗಲಿಲ್ಲ. "ಸಲ್ಲಿಸುತ್ತಿದ್ದೇನೆ" ಎನ್ನಿ.

"ಅಧ್ಯಕ್ಷರು ರವರಿಗೆ" ತಪ್ಪು. ರಾಯರು, ಅವರು ಸೇರಿದರೆ ರಾಯರವರು. ಆ "ರ" ರಾಯರದು. ಅದನ್ನು ಕಿತ್ತು "ರವರು" ಎಂಬ ಹೊಸ ಪದ ಮಾಡಿಕೊಂಡಿದ್ದೇವೆ. "ಅಧ್ಯಕ್ಷರಿಗೆ" ಸಾಕು, ಮೊದಲೇ ಅದು ಬಹುವಚನ. ಹೆಸರು ಬರೆದರೆ ಮುಂದೆ ಬಿಡಿಸಿ "ಅವರಿಗೆ" ಎನ್ನಿ. ಹಾಗೆಯೇ "ತಮ್ಮಲ್ಲಿ" ಎಂದು ಶುರು ಮಾಡಿ "ನಿಮ್ಮ ಸಂಘ"ಕ್ಕೆ ಇಳಿದಿದ್ದೀರಿ. ತಾವು ಎಂದ ಮೇಲೆ ಕೊನೆಯವರೆಗೂ ತಾವು. ಆದರೆ ನೀವು ಅದೇ ಸಂಘದವರಲ್ಲವೇ? ನಾನಾದರೆ ಆ ಜಾಗದಲ್ಲಿ "ನಮ್ಮ ಸಂಘ" ಎಂದೇ ಬರೆಯುತ್ತಿದ್ದೆ.

ಇನ್ನು ವಿಧೇಯ. ಹೆಂಗಸರು ಬರೆದರೆ ಅದು "ವಿಧೇಯಳು" ಆಗಬೇಕು. ಹೇಳಿದಂತೆ ಕೇಳುವವಳು ಎಂದರ್ಥ. ಕೆಲಸ ಬಿಡುವ ದಿನ ಆ ಮಾತಿಗೆ ಜಾಗವಿಲ್ಲ. "ತಮ್ಮ ವಿಶ್ವಾಸಿ" ಗಂಡಸು, ಹೆಂಗಸು ಇಬ್ಬರಿಗೂ ನಡೆಯುತ್ತದೆ. "ಪ್ರಾರ್ಥನೆ" ದೇವರಿಗಿರಲಿ, "ಕೋರುತ್ತೇನೆ" ಸಾಕು.

ಧಾರವಾಡದ ಮೇಷ್ಟ್ರು:

ಎಲ್ಲ ಸರಿ. "ರಾಜೀನಾಮೆ ಪತ್ರ"ದ ಬಗ್ಗೆ ಒಂದು ಮಾತೂ ಇಲ್ಲವಲ್ಲ?

ನಿವೃತ್ತ ಶಿರಸ್ತೇದಾರ:

ಕನ್ನಡಿಗರಿಗೆ ಈಗ ರಾಜೀನಾಮೆ ಎಂದರೆ ಕೆಲಸ ಬಿಡುವ ಕ್ರಿಯೆ. ಅದನ್ನು ಬಾಯಲ್ಲೂ ಕೊಡುತ್ತಾರೆ. ನಾಮೆ ಎಂದರೆ ಪತ್ರ ಎಂಬುದು ನಾಲಗೆಗೆ ಮರೆತುಹೋಗಿದೆ. ಹಾಗಾಗಿ ತಪ್ಪೆನ್ನಲಾರೆ. ಈ ಕಾಗದದಲ್ಲಿ ಬೇಕಿಲ್ಲ, ಅಷ್ಟೇ.

ಧಾರವಾಡದ ಮೇಷ್ಟ್ರು:

ಮರೆತದ್ದೆಲ್ಲ ಸರಿ ಎಂದರೆ "ರವರು" ಕೂಡ ಸರಿಯೇ ಆಯಿತು. ಅದಕ್ಕೊಂದು ನ್ಯಾಯ, ಇದಕ್ಕೊಂದು ನ್ಯಾಯ ಬೇಡ.

ಬೇರುಗನ್ನಡ:

ಮಾನ್ಯ, ವಿಶ್ವಾಸಿ, ಸಂಸ್ಕ್ರುತದ್ದು ಇರಬಹುದು. ರಾಜೀನಾಮೆ ಇರಬಹುದು. ಕನ್ನಡದ್ದೇ ಆದ ಓಲೆ ಮಾತ್ರ ಆಗದು. ಇದು ನ್ಯಾಯವೇ?

ನಿವೃತ್ತ ಶಿರಸ್ತೇದಾರ:

ನನ್ನ ಹುದ್ದೆಯ ಹೆಸರೇ ಫಾರಸಿಯದು. ಕಚೇರಿ, ಅರ್ಜಿ, ಹಾಜರಿ, ಗುಮಾಸ್ತ ಎಲ್ಲವೂ ಹೊರಗಿನಿಂದ ಬಂದು ನಮ್ಮವಾದವು. ಓಲೆ ಒಳ್ಳೆಯ ಪದ. ಆದರೆ ಸಂಘದ ನಿಯಮದಲ್ಲಿ "ರಾಜೀನಾಮೆ" ಎಂದಿರುವಾಗ ಈ ತಾಯಿಯ ಕಾಗದದ ಮೇಲೆ ಪ್ರಯೋಗ ಮಾಡುವುದು ಬೇಡ. ನಿಮ್ಮ ಒಂದು ಮಾತು ಮಾತ್ರ ಒಪ್ಪಿದೆ, ಆ "ಕೇಳಿಕೊಳ್ಳುವುದೇನೆಂದರೆ" ಬೇಕಿಲ್ಲ.

ಮಲೆನಾಡ ಓದುಗಿ:

ಎಲ್ಲರಿಗೂ ಧನ್ಯವಾದ. ಈಗ ಹೀಗೆ ಬರೆದಿದ್ದೇನೆ:

"ಮಾನ್ಯ ಅಧ್ಯಕ್ಷರಿಗೆ,
ಮಾನ್ಯರೇ,
ವಿಷಯ: ಸೇವೆಗೆ ರಾಜೀನಾಮೆ.
ನಮ್ಮ ಸಂಘದಲ್ಲಿ 11 ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಕೌಟುಂಬಿಕ ಕಾರಣದಿಂದ ನನ್ನ ಹುದ್ದೆಗೆ ರಾಜೀನಾಮೆ ಸಲ್ಲಿಸುತ್ತಿದ್ದೇನೆ. ತಾವು ಇದನ್ನು ಅಂಗೀಕರಿಸಿ, ಇದೇ 31ರ ಕಚೇರಿ ವೇಳೆ ಮುಗಿದ ನಂತರ ನನ್ನನ್ನು ಕರ್ತವ್ಯದಿಂದ ಬಿಡುಗಡೆ ಮಾಡಬೇಕೆಂದು ಕೋರುತ್ತೇನೆ. ನನ್ನ ವಶದಲ್ಲಿರುವ ಲೆಕ್ಕದ ಪುಸ್ತಕಗಳನ್ನು ತಾವು ಸೂಚಿಸಿದವರಿಗೆ ಒಪ್ಪಿಸುತ್ತೇನೆ. ಬೇಬಾಕಿ ಪತ್ರ ನೀಡಬೇಕೆಂದೂ ಕೋರುತ್ತೇನೆ.
ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ"

ಇನ್ನೊಂದು ಅನುಮಾನ. ನಕಲು ಪ್ರತಿಯ ಮೇಲೆ "ಅಂಗೀಕರಿಸಿದೆ" ಎಂದು ಬರೆಸಿಕೊಂಡರೆ ಸಾಕಾ?

ನಿವೃತ್ತ ಶಿರಸ್ತೇದಾರ:

ಟಪಾಲು ತೆಗೆದುಕೊಳ್ಳುವವರು ಹಾಗೆ ಬರೆಯುವ ಹಾಗಿಲ್ಲಮ್ಮ. ಅವರಿಂದ "ಸ್ವೀಕರಿಸಿದೆ" ಎಂದು ಬರೆಸಿ ಸಹಿ, ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಕಾಗದ ಕೈಗೆ ಬಂತು ಎಂದಷ್ಟೇ ಅದರ ಅರ್ಥ. ಅಂಗೀಕಾರ ಮಂಡಳಿಯ ನಡಾವಳಿಯಲ್ಲಿ ಬರಬೇಕು. ಅದರ ನಕಲನ್ನು ಬೇರೆಯೇ ಕೇಳಿ ಪಡೆಯಿರಿ.