ಸೋಮವಾರಪೇಟೆ ಮನೆ ಗುಂಪಿನಲ್ಲಿ ಪ್ರೊಬಯಾಟಿಕ್ ಕ್ರೀಮಿನ ಜಗಳ

ಕಾವ್ಯ: ಲೀಲಾ ಅತ್ತೆ, ಕಾಫಿ ಕುಯ್ಲಿನಲ್ಲಿ ನಿಮ್ಮ ಕೈ ಒಡೆದಿದೆ ಅಂದಿರಲ್ಲ, ಈ ಪ್ರೊಬಯಾಟಿಕ್ ಕ್ರೀಮ್ ತರಿಸಲಾ? 50 ಗ್ರಾಂಗೆ 1,450 ರೂಪಾಯಿ. ಚರ್ಮಕ್ಕೆ ಬೇಕಾದ ಒಳ್ಳೆಯ ಬ್ಯಾಕ್ಟೀರಿಯಾ ಇದರಲ್ಲಿದೆಯಂತೆ.

ಸುಮಂತ್: ಬೇಡ ಕಾವ್ಯ. ಡಬ್ಬಿಯ ಹಿಂಭಾಗದ ಫೋಟೋ ಹಾಕು.

ಕಾವ್ಯ: ಹಾಕಿದ್ದೇನೆ ನೋಡಣ್ಣ. ಬಿಫಿಡಾ ಫರ್ಮೆಂಟ್ ಲೈಸೇಟ್ ಅಂತ ಬರೆದಿದೆ ಅಲ್ವಾ?

ಸುಮಂತ್: ಲೈಸೇಟ್ ಅಂದರೆ ಒಡೆದು ಹಾಕಿದ ಬ್ಯಾಕ್ಟೀರಿಯಾ, ಅದರಲ್ಲಿ ಜೀವ ಇಲ್ಲ. ಪ್ರೊಬಯಾಟಿಕ್ ಅನ್ನಬೇಕಾದರೆ ಅದು ಜೀವಂತ ಇರಬೇಕು, ಸಾಕಷ್ಟು ಪ್ರಮಾಣದಲ್ಲೂ ಇರಬೇಕು. ನೀರಿರುವ ಕ್ರೀಮಿಗೆ ಬೂಷ್ಟು ಬರದ ಹಾಗೆ ಫಿನಾಕ್ಸಿಎಥನಾಲ್ ಥರದ್ದನ್ನು ಹಾಕಿರುತ್ತಾರೆ, ಸೂಕ್ಷ್ಮಜೀವಿ ಬೆಳೆಯದ ಹಾಗೆ ನೋಡಿಕೊಳ್ಳುವುದೇ ಅದರ ಕೆಲಸ. ಅತ್ತೆ, ಕುದಿಸಿದ ಮಜ್ಜಿಗೆ ಹುಳಿಯನ್ನು ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗುತ್ತಾ?

ಲೀಲಾ ಅತ್ತೆ: ಎಲ್ಲಿ ಆಗುತ್ತೆ ಮಗಾ.

ಕಾವ್ಯ: ಹಾಗಾದರೆ ಲೈಸೇಟ್‌ನಿಂದ ಏನೂ ಉಪಯೋಗ ಇಲ್ವಾ? ನನ್ನ ಮುಖದ ಉರಿ ಕಡಿಮೆಯಾಗಿದೆ, ಸುಮ್ನೆ ಹೇಳುತ್ತಿಲ್ಲ.

ಸುಮಂತ್: ನಿನ್ನ ಮಾತು ಸುಳ್ಳು ಅನ್ನುತ್ತಿಲ್ಲ. ಸತ್ತ ಬ್ಯಾಕ್ಟೀರಿಯಾದ ತುಣುಕುಗಳೂ ಚರ್ಮದ ಉರಿಯನ್ನು ಸ್ವಲ್ಪ ತಗ್ಗಿಸುತ್ತವೆ ಅಂತ ಕೆಲವು ಸಣ್ಣ ಪರೀಕ್ಷೆಗಳಲ್ಲಿ ಕಂಡಿದೆ. ಆದರೆ ಎಷ್ಟು ಹಾಕಿದ್ದಾರೆ ಅನ್ನುವುದು ಮುಖ್ಯ. ನಿನ್ನ ಫೋಟೋದಲ್ಲಿ ಲೈಸೇಟ್ ಹೆಸರು ಫಿನಾಕ್ಸಿಎಥನಾಲ್ ಆದಮೇಲೆ ಬಂದಿದೆ. ಫಿನಾಕ್ಸಿಎಥನಾಲ್ ಯುರೋಪಿನ ನಿಯಮದಲ್ಲಿ ಹೆಚ್ಚೆಂದರೆ 1%. ಪಟ್ಟಿಯನ್ನು ಜಾಸ್ತಿಯಿಂದ ಕಡಿಮೆಗೆ ಬರೆಯುತ್ತಾರೆ, 1%ಗಿಂತ ಕಡಿಮೆ ಇರುವವು ಮಾತ್ರ ಹೇಗೆ ಬೇಕಾದರೂ ಬರಬಹುದು. ಅಂದರೆ ಇದರಲ್ಲಿ ಲೈಸೇಟ್ 1% ದಾಟುವುದಿಲ್ಲ. ಪಟ್ಟಿಯ ಮೊದಲಿಗೆ ಇರುವುದು ನೀರು, ಗ್ಲಿಸರಿನ್. ನಿನ್ನ ಉರಿ ತಗ್ಗಿದ್ದು ಗ್ಲಿಸರಿನ್‌ನಿಂದಲೇ ಇರಬಹುದು.

ಕಾವ್ಯ: ಡಬ್ಬಿ ಮೇಲೆ ಪ್ರಿಬಯಾಟಿಕ್ ಅಂತ ಇದೆ, ಚರ್ಮದ ಸೂಕ್ಷ್ಮಜೀವಿಗಳಿಗೆ ಒಗ್ಗುತ್ತೆ ಅನ್ನುವ ಅರ್ಥದಲ್ಲಿ ಮೈಕ್ರೋಬಯೋಮ್ ಫ್ರೆಂಡ್ಲಿ ಅಂತಲೂ ಇದೆ, ಪರೀಕ್ಷೆ ಮಾಡಿರುತ್ತಾರಲ್ಲ.

ಸುಮಂತ್: ಆ ಮಾತಿಗೆ ಕಾನೂನಿನ ಅರ್ಥ ಇಲ್ಲ. ಸಾಮಾನ್ಯವಾಗಿ ಕೆಲವು ಜನಕ್ಕೆ ಕೆಲವು ವಾರ ಹಚ್ಚಿ, ಮೊದಲೂ ಆಮೇಲೂ ಚರ್ಮದ ಮೇಲೆ ಹತ್ತಿ ಸವರಿ, ಬ್ಯಾಕ್ಟೀರಿಯಾ ಹೆಚ್ಚು ಬದಲಾಗಿಲ್ಲ ಅಂತ ತೋರಿಸುತ್ತಾರೆ. ಕೆಡಿಸಲಿಲ್ಲ ಅನ್ನುವುದೇ ಒಳ್ಳೆಯದು ಮಾಡಿತು ಅಂತ ಆಗಲ್ಲ. ಇನ್ನು ಪ್ರಿಬಯಾಟಿಕ್ ಅಂದರೆ ಆ ಬ್ಯಾಕ್ಟೀರಿಯಾಗಳಿಗೆ ಆಹಾರ, ಇನ್ಯುಲಿನ್ ಥರದ ಸಕ್ಕರೆ. ನಮ್ಮ ಕೈ ಮೇಲೆ ಅದು ಯಾವ ಬ್ಯಾಕ್ಟೀರಿಯಾವನ್ನು ಬೆಳೆಸುತ್ತೆ ಅಂತ ಡಬ್ಬಿ ಹೇಳಲ್ಲ. ಅತ್ತೆ, ಕುಯ್ಲು ಮುಗಿಸಿ ಕೈಯ ಕರೆ ಹೋಗಲು ಏನು ಹಾಕುತ್ತೀರಿ?

ಲೀಲಾ ಅತ್ತೆ: ಬಟ್ಟೆ ಸೋಪು. ದಿನಕ್ಕೆ ಮೂರು ನಾಲ್ಕು ಸಲ ಉಜ್ಜುತ್ತೇನೆ.

ಸುಮಂತ್: ಅದೇ ತೊಂದರೆ! ಚರ್ಮದ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, ಸುಮಾರು 5, ಆ ಸೋಪು 9ರಿಂದ 10. ಎಣ್ಣೆ ಅಂಶ ತೊಳೆದುಹೋಗುತ್ತೆ, ಪಿಎಚ್ ಮೇಲೇರುತ್ತೆ, ಅಲ್ಲಿ ವಾಸಿಸುವ ಬ್ಯಾಕ್ಟೀರಿಯಾಗೂ ಕಷ್ಟ. ಕುಯ್ಲಿಗೆ ಹೋಗುವಾಗ ಒಳಗೆ ಹತ್ತಿ ಇರುವ ಕೈಗವಸು ಹಾಕಿಕೊಳ್ಳಿ. ತೊಳೆಯಲು ವಾಸನೆ ಇಲ್ಲದ ಕಡಿಮೆ ಪಿಎಚ್‌ನ ಲಿಕ್ವಿಡ್, ಕೈ ಇನ್ನೂ ಸ್ವಲ್ಪ ಒದ್ದೆ ಇರುವಾಗಲೇ ಪೆಟ್ರೋಲಿಯಂ ಜೆಲ್ಲಿ. ಬಿರುಕಿನಲ್ಲಿ ಕೀವು ಅಥವಾ ರಕ್ತ ಬಂದರೆ ಚರ್ಮದ ಡಾಕ್ಟರ್.

ಕಾವ್ಯ: ಸರಿ ಅಣ್ಣ, ಆರ್ಡರ್ ಬೇಡ. ಅತ್ತೆ, ಭಾನುವಾರ ಬರುವಾಗ ಜೆಲ್ಲಿ ತರುತ್ತೇನೆ, ಕೈಗವಸಿನ ಅಳತೆ ಹೇಳಿ.