ಲೀಸ್ ಟೇಬಲ್ ಸೊನ್ನೆಗೆ ಬರುತ್ತಿಲ್ಲ, ಕೊನೆಗೆ 2,78,460 ಉಳಿಯುತ್ತಿದೆ

ಕೊನೇಬೆಂಚು

ಸಿಎ ಫೈನಲ್‌ಗೆ ಓದುತ್ತಿದ್ದೇನೆ. ಲೀಸ್‌ಗಳ ಲೆಕ್ಕಪತ್ರ ಮಾನದಂಡ ಇಂಡ್ ಎಎಸ್ 116ರ ಒಂದು ಲೆಕ್ಕ ಮೂರು ದಿನದಿಂದ ತಲೆ ತಿನ್ನುತ್ತಿದೆ.

ಅಂಗಡಿ ಜಾಗ, 4 ವರ್ಷದ ಲೀಸ್, 2023ರ ಏಪ್ರಿಲ್ 1ರಿಂದ ಶುರು. ವರ್ಷಕ್ಕೆ 6,00,000 ಬಾಡಿಗೆ, ಪ್ರತಿ ಏಪ್ರಿಲ್ 1ಕ್ಕೆ ಮುಂಗಡವಾಗಿ ಕೊಡಬೇಕು. ರೇಟ್ 10% ಅಂತ ಪ್ರಶ್ನೆಯಲ್ಲೇ ಕೊಟ್ಟಿದ್ದಾರೆ. ಎಕ್ಸೆಲ್‌ನಲ್ಲಿ ಹೀಗೆ ಹಾಕಿದೆ:

```
=PV(10%,4,-600000,0,1)
```

20,92,111 ಬಂತು. ಅದನ್ನೇ ಲೀಸ್ ಲಯಬಿಲಿಟಿ ಅಂತ ಇಟ್ಟುಕೊಂಡು, ಪ್ರತಿ ಸಾಲಿನಲ್ಲೂ 10% ಬಡ್ಡಿ ಸೇರಿಸಿ 6 ಲಕ್ಷ ಕಳೆದೆ. ನಾಲ್ಕನೇ ಸಾಲು ಮುಗಿದಾಗ 2,78,460 ಉಳಿದಿದೆ. ರೂಮ್‌ಮೇಟ್ "ರೌಂಡಿಂಗ್ ಇರಬೇಕು ಬಿಡು" ಅಂದ. ಎರಡೂ ಮುಕ್ಕಾಲು ಲಕ್ಷ ರೌಂಡಿಂಗಾ?

ಹಳೇಲೆಡ್ಜರ್

ರೌಂಡಿಂಗ್ ಅಲ್ಲ. ಎಲ್ಲಿ ತಪ್ಪಿದೆ ಅಂತ ಆ ಉಳಿದ ಮೊತ್ತವೇ ಹೇಳುತ್ತದೆ. 2,78,460ನ್ನು 1.1ರಿಂದ ನಾಲ್ಕು ಸಲ ಭಾಗಿಸಿ ನೋಡಿ, 1,90,192 ಬರುತ್ತದೆ. ಈಗ ನಿಮ್ಮ ಫಾರ್ಮುಲಾದ ಕೊನೆಯ `1` ತೆಗೆದು `0` ಹಾಕಿ. ಉತ್ತರ 19,01,919. ಇದಕ್ಕೂ ನಿಮ್ಮ 20,92,111ಕ್ಕೂ ಇರುವ ವ್ಯತ್ಯಾಸ ಸರಿಯಾಗಿ ಅದೇ 1,90,192.

ಅಂದರೆ ಫಾರ್ಮುಲಾಗೆ ಬಾಡಿಗೆ ವರ್ಷದ ಮೊದಲ ದಿನ ಅಂತ ಹೇಳಿದ್ದೀರಿ, ಟೇಬಲ್‌ಗೆ ಕೊನೆಯ ದಿನ ಅಂತ ಹೇಳಿದ್ದೀರಿ. ಎರಡೂ ಒಂದೇ ಮಾತು ಆಡುತ್ತಿಲ್ಲ. ಮೊದಲ ದಿನವೇ ಕೊಟ್ಟುಬಿಟ್ಟ 6 ಲಕ್ಷಕ್ಕೆ ಒಂದು ವರ್ಷದ ಬಡ್ಡಿ ಹಾಕಿದ್ದೀರಿ ನೋಡಿ, ಅಲ್ಲಿಂದಲೇ ಎಡವಟ್ಟು ಶುರು.

ಬಾಕಿಜಮೆ

ಹೌದು, ಕೊಟ್ಟ ದುಡ್ಡು ಸಾಲ ಹೇಗಾಗುತ್ತೆ ಅಲ್ವಾ. ಇನ್ನೂ ಕೊಡಬೇಕಾದ ಮೂರು ಕಂತು ಮಾತ್ರ ತಗೋಬೇಕು, `=PV(10%,3,-600000)`. 14,92,111 ಬರುತ್ತೆ. ಲಯಬಿಲಿಟಿ ಅಷ್ಟೇ, ಆರ್‌ಓಯು ಆಸ್ತಿ, ಅಂದರೆ ಜಾಗ ಬಳಸುವ ಹಕ್ಕು, ಅದೂ ಅಷ್ಟೇ. ಮೊದಲ 6 ಲಕ್ಷವನ್ನು ಆ ವರ್ಷದ ಬಾಡಿಗೆ ಖರ್ಚಿಗೆ ಹಾಕಿಬಿಡಿ, ಮುಗೀತು.

ಹಳೇಲೆಡ್ಜರ್

ಅರ್ಧ ಸರಿ ಸರ್. ಲಯಬಿಲಿಟಿ 14,92,111 ಒಪ್ಪುತ್ತೇನೆ. ಆದರೆ ಆರ್‌ಓಯು ಅಷ್ಟೇ ಅಲ್ಲ. ಶುರುವಿನ ದಿನ ಅಥವಾ ಅದಕ್ಕೂ ಮುಂಚೆ ಕೊಟ್ಟ ಬಾಡಿಗೆ ಆಸ್ತಿಯ ವೆಚ್ಚಕ್ಕೆ ಸೇರುತ್ತದೆ, ಪ್ಯಾರಾ 24 ನೋಡಿ. ಖರ್ಚಿಗೆ ಹಾಕಿದರೆ ಮೊದಲ ವರ್ಷದ ಮೇಲೆ 6 ಲಕ್ಷದ ಜೊತೆ ಸವಕಳಿಯೂ ಬಡ್ಡಿಯೂ ಬಿದ್ದು ಲಾಭ ನೆಲಕಚ್ಚುತ್ತದೆ. ಎಂಟ್ರಿ ಹೀಗೆ:

```
ಆರ್‌ಓಯು ಆಸ್ತಿ       ಡೆಬಿಟ್   20,92,111
  ಲೀಸ್ ಲಯಬಿಲಿಟಿ    ಕ್ರೆಡಿಟ್  14,92,111
  ಬ್ಯಾಂಕ್           ಕ್ರೆಡಿಟ್   6,00,000
```

ನಿಮಗೆ ಬಂದ 20,92,111 ತಪ್ಪು ಸಂಖ್ಯೆ ಅಲ್ಲ ಕೊನೇಬೆಂಚು ಅವರೇ. ಅದು ಆಸ್ತಿಯದು. ನೀವು ಅದನ್ನು ಲಯಬಿಲಿಟಿ ಕಾಲಂನಲ್ಲಿ ಕೂರಿಸಿದ್ದೀರಿ, ಅಷ್ಟೇ.

ಟೇಬಲ್‌ನಲ್ಲಿ ಮೊದಲು ಬಡ್ಡಿ, ಮಾರನೇ ದಿನ ಕಂತು. 14,92,111ಕ್ಕೆ ಬಡ್ಡಿ 1,49,211 ಸೇರಿ 2024ರ ಮಾರ್ಚ್ 31ಕ್ಕೆ 16,41,322. ಏಪ್ರಿಲ್ 1ಕ್ಕೆ 6 ಲಕ್ಷ ಕೊಟ್ಟರೆ ಉಳಿದದ್ದು 10,41,322. ಹೀಗೇ ಮುಂದುವರಿಸಿ.

ಕೊನೇಬೆಂಚು

ಮಾಡಿದೆ ಸರ್. 2025ರ ಮಾರ್ಚ್‌ಗೆ 11,45,455. ಕಂತು ಕೊಟ್ಟ ಮೇಲೆ 5,45,455. ಅದಕ್ಕೆ ಬಡ್ಡಿ 54,545 ಸೇರಿ ಸರಿಯಾಗಿ 6,00,000, ಮಾರನೇ ದಿನ ಕೊಟ್ಟಾಗ ಸೊನ್ನೆ! ಆದರೆ ನಾಲ್ಕನೇ ವರ್ಷಕ್ಕೆ ಬಡ್ಡಿಯೇ ಇಲ್ಲವಲ್ಲ? ಏನೋ ಬಿಟ್ಟಿದ್ದೇನೆ ಅನ್ನಿಸುತ್ತಿದೆ.

ಹಳೇಲೆಡ್ಜರ್

ಏನೂ ಬಿಟ್ಟಿಲ್ಲ. ಕೊನೇ ಕಂತು 2026ರ ಏಪ್ರಿಲ್ 1ಕ್ಕೇ ಮುಗಿಯಿತು, ಆಮೇಲೆ ಮಾಲೀಕರಿಗೆ ನೀವು ಒಂದು ಪೈಸೆ ಕೊಡಬೇಕಾಗಿಲ್ಲ. ಸಾಲ ಇಲ್ಲದ ಮೇಲೆ ಬಡ್ಡಿ ಎಲ್ಲಿಂದ? ಆ ವರ್ಷ ಸವಕಳಿ 5,23,028 ಮಾತ್ರ ಹೋಗುತ್ತದೆ. ಮುಂಗಡ ಬಾಡಿಗೆಯ ಟೇಬಲ್‌ನಲ್ಲಿ ಕೊನೇ ವರ್ಷಕ್ಕೆ ಬಡ್ಡಿ ಕಂಡರೆ ಆಗ ಅನುಮಾನ ಪಡಿ.

ಶಟರ್‌ಕೆಳಗೆ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಆರ್ಟಿಕಲ್‌ಶಿಪ್ ಮಾಡುತ್ತಿರುವ ಕಡೆ ಒಬ್ಬ ಕ್ಲೈಂಟ್‌ನ ಅಂಗಡಿಗಳೆಲ್ಲ 11 ತಿಂಗಳ ಅಗ್ರಿಮೆಂಟ್. ಪ್ರತಿ ವರ್ಷ ಹೊಸ ಸ್ಟ್ಯಾಂಪ್ ಪೇಪರ್. 12 ತಿಂಗಳ ಒಳಗೆ ಇದೆ, ಹಾಗಾಗಿ ಈ ಗೋಜಲೇ ಬೇಡ, ಸುಮ್ನೆ ಬಾಡಿಗೆ ಖರ್ಚು ಬರೆಯಿರಿ ಅಂತ ಅವರ ಅಕೌಂಟೆಂಟ್ ಹೇಳುತ್ತಾರೆ. ನೀವೂ ಹಾಗೇ ಮಾಡಬಹುದಲ್ಲ?

ಕೊನೇಬೆಂಚು

ನನ್ನದು 4 ವರ್ಷದ್ದು ಅಣ್ಣ, ಪ್ರಶ್ನೆಯಲ್ಲೇ ಬರೆದಿದ್ದಾರೆ. 🙂

ಸರ್, ಪ್ರಶ್ನೆಯ ಎರಡನೇ ಭಾಗ. 2025ರ ಏಪ್ರಿಲ್ 1ಕ್ಕೆ ಬಾಡಿಗೆ ಸಿಪಿಐ ಪ್ರಕಾರ ಪರಿಷ್ಕರಣೆ, 6,48,000 ಆಗುತ್ತದೆ. ಆ ಹೊತ್ತಿಗೆ ಕಂಪನಿಗೆ ಸಾಲ ಸಿಗುವ ರೇಟ್ 12%. ನಾನು 12%ನಲ್ಲಿ ಮಾಡಿದೆ, ಲಯಬಿಲಿಟಿ 12,26,571 ಬಂತು. ಉತ್ತರ ಪುಟದಲ್ಲಿ 12,37,091 ಇದೆ.

ಬಾಕಿಜಮೆ

ಹೊಸ ಅಳತೆ ಅಂದರೆ ಹೊಸ ರೇಟ್ ತಾನೇ? ನಾನೂ 12% ಅಂತಲೇ ಅಂದುಕೊಂಡಿದ್ದೆ.

ಹಳೇಲೆಡ್ಜರ್

ಲೀಸ್ ಅವಧಿ ಎಷ್ಟು ಅನ್ನುವ ಅಂದಾಜು ಬದಲಾದರೆ ಹೊಸ ರೇಟ್. ಸಿಪಿಐ ಏರಿತು ಅಂತ ಬಾಡಿಗೆ ಬದಲಾದರೆ ಹಳೇ 10% ಹಾಗೇ ಇರುತ್ತದೆ, ಪ್ಯಾರಾ 43. 12% ಅನ್ನುವುದನ್ನು ಪ್ರಶ್ನೆಯಲ್ಲಿ ಇಟ್ಟಿರುವುದೇ ನಿಮ್ಮನ್ನು ಬೀಳಿಸಲು.

ಆ ದಿನ ಉಳಿದಿರುವುದು ಎರಡು ಕಂತು. ಇವತ್ತಿನ 6,48,000, ಮುಂದಿನ ವರ್ಷದ 6,48,000ನ್ನು 1.1ರಿಂದ ಭಾಗಿಸಿದರೆ 5,89,091. ಒಟ್ಟು 12,37,091. ಕಂತು ಕೊಡುವ ಮುಂಚೆ ಪುಸ್ತಕದಲ್ಲಿದ್ದದ್ದು 11,45,455. ವ್ಯತ್ಯಾಸ 91,636. ಸುಲಭದ ತಾಳೆ ಒಂದಿದೆ: ಬಾಡಿಗೆ ಏರಿದ್ದು 8%, 11,45,455ರ 8% ಎಷ್ಟು? ಅದೇ 91,636. ರೇಟ್ ಮುಟ್ಟದಿದ್ದರೆ ಮಾತ್ರ ಇದು ಹೀಗೆ ಕೂಡಿಬರುತ್ತದೆ. 12% ಹಾಕಿದರೆ 81,116 ಬಂದು ತಾಳೆ ಮುರಿಯುತ್ತದೆ.

ಆ 91,636 ಲಾಭನಷ್ಟಕ್ಕೆ ಹೋಗುವುದಿಲ್ಲ, ಆರ್‌ಓಯುಗೆ ಸೇರುತ್ತದೆ. ಎರಡು ವರ್ಷ ಸವಕಳಿ ಕಳೆದು 10,46,056 ಇತ್ತು, ಈಗ 11,37,692. ಉಳಿದ ಎರಡು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 5,68,846.

ಕೊನೇಬೆಂಚು

ಹಾಗಾದರೆ 2023ರಲ್ಲೇ ಸಿಪಿಐ ಎಷ್ಟು ಏರಬಹುದು ಅಂತ ಅಂದಾಜು ಮಾಡಿ ಸೇರಿಸಬೇಕಿತ್ತಾ?

ಹಳೇಲೆಡ್ಜರ್

ಬೇಡ. ಶುರುವಿನ ದಿನದ ಸೂಚ್ಯಂಕ ಎಷ್ಟೋ ಅಷ್ಟೇ. "ಎರಡು ವರ್ಷದ ನಂತರ 8% ಜಾಸ್ತಿ" ಅಂತ ಅಗ್ರಿಮೆಂಟ್‌ನಲ್ಲೇ ಗೊತ್ತುಮಾಡಿದ್ದರೆ ಮಾತ್ರ ಮೊದಲ ದಿನವೇ 6,48,000 ಹಾಕಬೇಕಿತ್ತು. ನಮ್ಮ ಕಡೆ ಅಗ್ರಿಮೆಂಟ್‌ಗಳಲ್ಲಿ ಜಾಸ್ತಿ ಕಾಣುವುದು ಈ ಎರಡನೇ ಥರದ್ದೇ. ಆದ್ದರಿಂದ ಆ ಸಾಲನ್ನು ಎರಡು ಸಲ ಓದಿ.

ಶಟರ್‌ಕೆಳಗೆ ಅವರೇ, ನಿಮ್ಮ 11 ತಿಂಗಳ ವಿಷಯ. ಆ ಅಂಗಡಿಗಳಲ್ಲಿ ಒಳಗಿನ ಕೆಲಸಕ್ಕೆ ಎಷ್ಟು ಸುರಿದಿದ್ದಾರೆ?

ಶಟರ್‌ಕೆಳಗೆ

ಒಂದು ಅಂಗಡಿಗೆ 40 ಲಕ್ಷದ ಹತ್ತಿರ. ಗ್ರಾನೈಟ್, ಎಸಿ, ಲೈಟಿಂಗ್ ಎಲ್ಲ. ಆರು ವರ್ಷದಿಂದ ಅಲ್ಲೇ ಇದ್ದಾರೆ.

ಹಳೇಲೆಡ್ಜರ್

40 ಲಕ್ಷ ಸುರಿದವರು 11 ತಿಂಗಳಿಗೆ ಶಟರ್ ಎಳೆದು ಹೋಗುತ್ತಾರಾ? ಅಗ್ರಿಮೆಂಟ್‌ನಲ್ಲಿ ಬರೆದ ದಂಡ ಮಾತ್ರ ನೋಡಬೇಡಿ, ಬಿಟ್ಟುಹೋದರೆ ನಿಜವಾಗಿ ಆಗುವ ನಷ್ಟವನ್ನೂ ನೋಡಿ ಅಂತ 2019ರ ನವೆಂಬರ್‌ನಲ್ಲಿ ಅಂತರರಾಷ್ಟ್ರೀಯ ಮಾನದಂಡಗಳಿಗೆ ಅರ್ಥ ಹೇಳುವ ಸಮಿತಿ ಐಎಫ್ಆರ್‌ಐಸಿ ಹೇಳಿದೆ. ನಾನಾದರೆ ಅಲ್ಪಾವಧಿ ವಿನಾಯಿತಿ ಕೊಡಲು ಹಿಂಜರಿಯುತ್ತೇನೆ.

ಬಾಕಿಜಮೆ

ಆದರೆ ನವೀಕರಣ ಮಾಲೀಕರ ಕೈಯಲ್ಲೂ ಇದೆಯಲ್ಲ ಸರ್. ಅವರು "ಖಾಲಿ ಮಾಡಿ" ಅಂದರೆ ಇವರಿಗೆ ಉಳಿಯುವ ಹಕ್ಕೇ ಇಲ್ಲ. ಹಕ್ಕಿಲ್ಲದ ಅವಧಿಯನ್ನು ಲೀಸ್ ಅಂತ ಹೇಗೆ ಎಣಿಸುವುದು?

ಹಳೇಲೆಡ್ಜರ್

ಈ ಮಾತಿಗೆ ತೂಕ ಇದೆ. ನವೀಕರಣದ ಸಾಲನ್ನು ಇದ್ದ ಹಾಗೇ ಟೈಪ್ ಮಾಡಿ ಹಾಕಿ ಶಟರ್‌ಕೆಳಗೆ, ಹೆಸರು ವಿಳಾಸ ತೆಗೆದು. ಅದನ್ನು ನೋಡದೆ ನಾನು ಇದರ ಮೇಲೆ ಸಹಿ ಹಾಕುವುದಿಲ್ಲ.

ಶಟರ್‌ಕೆಳಗೆ

ಫೈಲ್ ಆಡಿಟರ್ ಹತ್ತಿರ ಇದೆ. ಸೋಮವಾರ ಸಿಕ್ಕರೆ ಹಾಕುತ್ತೇನೆ.